ಕಾರ್ಡಿಯಾಕ್ ಸೈಕಲ್ ನೋಟ್ಸನ್ನು ಒಂದೇ ಹಾಳೆಗೆ ಇಳಿಸೋದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಫಸ್ಟ್ ಇಯರ್ ಮಕ್ಕಳಿಗೆ ಫಿಸಿಯಾಲಜಿ ಹೇಳಿಕೊಡುತ್ತೇನೆ. ಇಂಟರ್ನಲ್ಸ್ ಹತ್ತಿರ ಬಂದಾಗ ಮನೆಗೆ ಮಕ್ಕಳು ಬರುತ್ತಾರೆ, ಮಂಡ್ಯದಿಂದ ಫೋನಿಗೆ ಪುಟಗಳ ಫೋಟೋ ಬರುತ್ತವೆ. ಅದರಲ್ಲಿ ಹೆಚ್ಚಿನವು ಹೃದಯದ ನೋಟ್ಸ್. ಅದರಲ್ಲೂ ತುಂಬಾ ಗಲೀಜಾಗಿರೋದು ಕಾರ್ಡಿಯಾಕ್ ಸೈಕಲ್. ಹಾಗಾಗಿ ಇಲ್ಲಿ ಅದೊಂದನ್ನೇ ಹಿಡಿದಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ.

## ಶುರು ಮಾಡೋಕೆ ಮುಂಚೆ

ಮೇಡಂ, ಕ್ಲಾಸಲ್ಲಿ ಬರೆದಿದ್ದನ್ನೇ ಇನ್ನೊಂದ್ಸಲ ನೀಟಾಗಿ ಬರೆದ್ರೆ ಸಾಲಲ್ವಾ?

ಸಾಲಲ್ಲ. ಅಕ್ಷರ ನೀಟಾಗುತ್ತದೆ, ವಿಷಯ ಹಾಗೇ ಚೆಲ್ಲಾಪಿಲ್ಲಿಯಾಗಿ ಉಳಿಯುತ್ತದೆ.

ಕ್ಲಾಸಿನಲ್ಲಿ ಏನಾಗುತ್ತದೆ ನೋಡಿ. ಮೊದಲು ಹಂತಗಳನ್ನು ಹೇಳುತ್ತಾರೆ. ಆಮೇಲೆ ಒತ್ತಡ, ಆಮೇಲೆ ವಾಲ್ವುಗಳು, ಮಾರನೇ ದಿನ ಹಾರ್ಟ್ ಸೌಂಡ್ಸ್, ಕೊನೆಗೆ ಗಂಟೆ ಹೊಡೆಯೋ ಹೊತ್ತಿಗೆ ಜೆವಿಪಿ. ಪ್ರತಿ ಸಲವೂ ಅದೇ 0.8 ಸೆಕೆಂಡಿನ ಕಥೆಯನ್ನು ಮೊದಲಿಂದ ಹೇಳುತ್ತಾರೆ. ಪಾಠಕ್ಕೆ ಅದು ಸರಿಯೇ. ಆದರೆ ನಿಮ್ಮ ಪುಸ್ತಕದಲ್ಲಿ ಒಂದೇ ಕಥೆ ಐದು ಕಡೆ ಐದು ತುಂಡಾಗಿ ಕೂತಿರುತ್ತದೆ.

ವೈವಾದಲ್ಲಿ ಹಾಗೆ ಕೇಳಲ್ಲ. "ಮೊದಲ ಸದ್ದು ಕೇಳಿದಾಗ ವೆಂಟ್ರಿಕಲ್‌ನಲ್ಲಿ ರಕ್ತ ಎಷ್ಟಿದೆ?" ಅಂತ ಕೇಳುತ್ತಾರೆ. ಸದ್ದು ಒಂದು ಪುಟದಲ್ಲಿದೆ, ರಕ್ತದ ಲೆಕ್ಕ ಇನ್ನೊಂದರಲ್ಲಿದೆ. ಎರಡನ್ನೂ ಪಕ್ಕಪಕ್ಕ ತರೋದೇ ರಿವಿಷನ್ ಶೀಟಿನ ಕೆಲಸ.

ನಾನು ಬರೆದಿದ್ದು ನನಗೇ ಓದೋಕಾಗ್ತಿಲ್ಲ. ಏನ್ ಮಾಡ್ಲಿ?

ಅಕ್ಷರಕ್ಕಿಂತ ಕಷ್ಟ ಕೊಡೋದು ಶಾರ್ಟ್‌ಫಾರ್ಮ್. ಮೊದಲು ಪೆನ್ಸಿಲ್ ಹಿಡಿದು ಎಲ್ಲಾ ಶಾರ್ಟ್‌ಫಾರ್ಮ್‌ಗಳಿಗೆ ಸುತ್ತು ಹಾಕಿ. ಆಮೇಲೆ ಒಂದೊಂದನ್ನೇ ಬಿಡಿಸಿ ಪೂರ್ತಿ ಬರೆಯಿರಿ. ಹೊಸ ಹಾಳೆಯನ್ನು ಇನ್ನೂ ಮುಟ್ಟಬೇಡಿ.

"ಪಿಆರ್" ಅಂತ ಇದ್ದರೆ ಅದು ಪಲ್ಸ್ ರೇಟ್ ಇರಬಹುದು, ಇಸಿಜಿಯ ಪಿಆರ್ ಇಂಟರ್ವಲ್ ಇರಬಹುದು, ಪೆರಿಫೆರಲ್ ರೆಸಿಸ್ಟೆನ್ಸ್ ಕೂಡ ಇರಬಹುದು. ಪಕ್ಕದಲ್ಲಿರೋ ಯೂನಿಟ್ ನೋಡಿದರೆ ಗೊತ್ತಾಗುತ್ತದೆ. ಸೆಕೆಂಡ್ ಇದ್ದರೆ ಇಂಟರ್ವಲ್, ನಿಮಿಷಕ್ಕೆ ಇಷ್ಟು ಅಂತಿದ್ದರೆ ಪಲ್ಸ್. ನಂಬರೇ ಇಲ್ಲದೆ ಬರೀ ಮೇಲ್ಮುಖದ ಬಾಣ ಇದ್ದು, ಬಿಪಿ ವಿಷಯ ಹತ್ತಿರದಲ್ಲಿದ್ದರೆ ಅದು ರೆಸಿಸ್ಟೆನ್ಸ್. "ಎವಿ" ಕೂಡ ಹಾಗೇ. ಮುಚ್ಚಿತು, ತೆರೆಯಿತು ಅಂತಿದ್ದರೆ ವಾಲ್ವ್. ತಡವಾಯಿತು ಅಂತಿದ್ದರೆ ನೋಡ್.

ಇನ್ನು ಇಡಿವಿ, ಇಎಸ್‌ವಿ. ಅವಸರದಲ್ಲಿ ಬರೆದಾಗ ಇಂಗ್ಲಿಷಿನ ಡಿ ಮತ್ತು ಎಸ್ ಒಂದೇ ತರ ಕಾಣುತ್ತವೆ. ಅಲ್ಲಿ ಅಕ್ಷರ ನಂಬಬೇಡಿ, ನಂಬರ್ ನಂಬಿ. 120ರ ಹತ್ತಿರ ಇದ್ದರೆ ತುಂಬಿದ ವೆಂಟ್ರಿಕಲ್, ಅಂದರೆ ಎಂಡ್ ಡಯಾಸ್ಟೋಲಿಕ್. 50ರ ಹತ್ತಿರ ಇದ್ದರೆ ರಕ್ತ ಹೊರಹಾಕಿದ ಮೇಲೆ ಉಳಿದಿದ್ದು, ಅಂದರೆ ಎಂಡ್ ಸಿಸ್ಟೋಲಿಕ್.

ಒಂದು ಕಡೆ "ಐಸೊಮೆಟ್ರಿಕ್", ಇನ್ನೊಂದು ಕಡೆ "ಐಸೊವಾಲ್ಯುಮೆಟ್ರಿಕ್" ಅಂತ ಬರೆದುಕೊಂಡು ಎರಡು ಬೇರೆ ಹಂತ ಅಂದುಕೊಂಡವರನ್ನು ತುಂಬಾ ಜನ ನೋಡಿದ್ದೇನೆ. ಈ ಪಾಠದ ಮಟ್ಟಿಗೆ ಎರಡೂ ಒಂದೇ.

ಶೀಟ್ ಕನ್ನಡದಲ್ಲಿ ಬರೀಲಾ, ಇಂಗ್ಲಿಷಲ್ಲಾ?

ಹೆಸರುಗಳು ಪರೀಕ್ಷೆಯಲ್ಲಿ ಹೇಗೆ ಬರೆಯಬೇಕೋ ಹಾಗೇ ಇರಲಿ. "ಯಾಕೆ" ಅನ್ನೋ ಸಾಲು ಮಾತ್ರ ನಿಮ್ಮ ಮನೆಮಾತಿನಲ್ಲಿ ಬರೆಯಿರಿ. ಕಾರಣವನ್ನು ಕನ್ನಡದಲ್ಲಿ ಒಂದು ಸಾಲಿನಲ್ಲಿ ಹೇಳೋಕೆ ಬರಲಿಲ್ಲ ಅಂದರೆ ಅದು ಬಾಯಿಪಾಠ ಆಗಿದೆ ಅಷ್ಟೇ.

## ಹಾಳೆ ಕಟ್ಟೋದು

ಹೆಡಿಂಗ್ ಏನೇನ್ ಕೊಡ್ಬೇಕು?

"ವಾಲ್ವ್‌ಗಳು", "ಸದ್ದುಗಳು", "ಇಸಿಜಿ" ಅಂತ ಹೆಡಿಂಗ್ ಕೊಡಬೇಡಿ. ಕೊಟ್ಟರೆ ಮತ್ತೆ ಅದೇ ಐದು ತುಂಡು. ಹೆಡಿಂಗ್ ಕಾಲದ ಪ್ರಕಾರ ಇರಲಿ. ಏಟ್ರಿಯಲ್ ಸಿಸ್ಟೋಲ್‌ನಿಂದ ಶುರು ಮಾಡಿ. ಅದಾದ ಮೇಲೆ ಐಸೊವಾಲ್ಯುಮೆಟ್ರಿಕ್ ಕಾಂಟ್ರ್ಯಾಕ್ಷನ್, ಇಜೆಕ್ಷನ್, ಪ್ರೋಟೋಡಯಾಸ್ಟೋಲ್, ಐಸೊವಾಲ್ಯುಮೆಟ್ರಿಕ್ ರಿಲ್ಯಾಕ್ಸೇಷನ್, ರ‍್ಯಾಪಿಡ್ ಫಿಲ್ಲಿಂಗ್, ಸ್ಲೋ ಫಿಲ್ಲಿಂಗ್. ಏಳೇ ಹೆಡಿಂಗ್.

ಬರೀ ಹೆಸರು ಬರೆದು ಬಿಡಬೇಡಿ. ಹೆಸರಿನ ಪಕ್ಕದಲ್ಲೇ ಆಗ ಏನಾಗುತ್ತಿದೆ ಅಂತ ಒಂದು ಸಾಲು ಇರಲಿ. "ಐಸೊವಾಲ್ಯುಮೆಟ್ರಿಕ್ ಕಾಂಟ್ರ್ಯಾಕ್ಷನ್: ನಾಲ್ಕೂ ವಾಲ್ವ್ ಮುಚ್ಚಿವೆ, ಒತ್ತಡ ಏರುತ್ತಿದೆ." ಪರೀಕ್ಷೆಯ ಹಿಂದಿನ ರಾತ್ರಿ ಹೆಡಿಂಗ್ ಮಾತ್ರ ಓದಿದರೂ ಕಥೆ ಸಿಗಬೇಕು.

ಪ್ರತಿ ಹೆಡಿಂಗಿನ ಕೆಳಗೆ ಅದೇ ಆರು ಪ್ರಶ್ನೆಗಳು, ಅದೇ ಕ್ರಮದಲ್ಲಿ. ಯಾವ ವಾಲ್ವ್ ತೆರೆದಿದೆ? ಒತ್ತಡ ಎಲ್ಲಿಂದ ಎಲ್ಲಿಗೆ? ರಕ್ತದ ಪ್ರಮಾಣ ಏನಾಯಿತು? ಇಸಿಜಿಯಲ್ಲಿ ಏನು? ಸದ್ದು ಇದೆಯಾ? ಜೆವಿಪಿಯಲ್ಲಿ ಏನು? ಉತ್ತರ ಇಲ್ಲದ ಕಡೆ ಗೆರೆ ಎಳೆಯಿರಿ, ಖಾಲಿ ಬಿಡಬೇಡಿ. ಗೆರೆ ಅಂದರೆ "ಇಲ್ಲಿ ಏನೂ ಇಲ್ಲ". ಖಾಲಿ ಅಂದರೆ "ನನಗೆ ಗೊತ್ತಿಲ್ಲ". ಎರಡೂ ಬೇರೆ ಬೇರೆ.

ಒಂದು ಹಂತ ಪೂರ್ತಿ ಮಾಡಿ ತೋರಿಸ್ತೀರಾ?

ಮಂಡ್ಯದಿಂದ ಬರುವ ಒಬ್ಬ ಹುಡುಗಿಯ ಲಾಂಗ್ ನೋಟ್‌ಬುಕ್ಕಿನಲ್ಲಿ ಹೀಗಿತ್ತು. ಬಾಣಗಳನ್ನು ಬಿಡಿಸಿ ಬರೆದಿದ್ದೇನೆ:

"ಐಸೊವಾಲ್ ಕಾಂಟ್ರ್ – ಎವಿ ವಾಲ್ವ್ ಕ್ಲೋಸ್ (ಪ್ಯಾಪಿಲ್ಲರಿ ಮಸಲ್ ಎಳೆದು) – ಮೊದಲ ಸದ್ದು – ಒತ್ತಡ 80ರಿಂದ 120 – ವಾಲ್ಯೂಮ್ ಕಮ್ಮಿ – 0.05 – ಸಿ ವೇವ್."

ಏಳು ವಿಷಯ ಇವೆ. ಮೂರು ತಪ್ಪು. ಹಾಗೇ ನೀಟಾಗಿ ನಕಲು ಮಾಡಿದ್ದರೆ ಮೂರೂ ತಪ್ಪು ಚೆಂದದ ಅಕ್ಷರದಲ್ಲಿ ಉಳಿದುಬಿಡುತ್ತಿದ್ದವು.

ಮೊದಲು ವಾಲ್ಯೂಮ್. ಇದನ್ನು ಹಿಡಿಯೋಕೆ ಪುಸ್ತಕವೇ ಬೇಡ. ಹಂತದ ಹೆಸರಲ್ಲೇ "ಪ್ರಮಾಣ ಬದಲಾಗಲ್ಲ" ಅಂತಿದೆ. ನಾಲ್ಕೂ ವಾಲ್ವ್ ಮುಚ್ಚಿರುವಾಗ ರಕ್ತ ಹೋಗೋದಾದರೂ ಎಲ್ಲಿಗೆ? ತುಂಬಿದ್ದ 120 ಎಂಎಲ್ ಅಷ್ಟೂ ಒಳಗೇ ಇದೆ.

ಎರಡನೆಯದು ಒತ್ತಡ. 80ರಿಂದ 120 ಅನ್ನೋದು ನಿಜವಾದ ನಂಬರೇ, ಆದರೆ ಮುಂದಿನ ಹಂತದ್ದು. ಅಯೋರ್ಟಾದಲ್ಲಿ ಸುಮಾರು 80 ಎಂಎಂ ಎಚ್‌ಜಿ ಒತ್ತಡ ಇರುತ್ತದೆ. ಎಡ ವೆಂಟ್ರಿಕಲ್ ಅದನ್ನು ದಾಟಿದ ಕ್ಷಣ ಅಯೋರ್ಟಿಕ್ ವಾಲ್ವ್ ತೆರೆಯುತ್ತದೆ, ಅಲ್ಲಿಗೆ ಈ ಹಂತ ಮುಗಿಯಿತು. ಅಂದರೆ ಈ ಹಂತದಲ್ಲಿ ಒತ್ತಡ ಏರೋದು ಹತ್ತರ ಆಸುಪಾಸಿನಿಂದ 80ರವರೆಗೆ. ಮೇಷ್ಟ್ರು ಎರಡು ಹಂತವನ್ನು ಒಂದೇ ಉಸಿರಿನಲ್ಲಿ ಹೇಳಿರುತ್ತಾರೆ, ಬಾಣ ಪಕ್ಕದ ಮನೆಗೆ ಹೋಗಿರುತ್ತದೆ.

ಮೂರನೆಯದು ಪ್ಯಾಪಿಲ್ಲರಿ ಮಸಲ್. ಇದು ತಪ್ಪು ಅಂತ ತುಂಬಾ ಜನಕ್ಕೆ ಅನ್ನಿಸೋದೇ ಇಲ್ಲ. ಆ ಹುಡುಗಿಯ ಮನೆಯಲ್ಲಿ ಕಬ್ಬಿನ ಗದ್ದೆ ಇದೆ. "ನಿಮ್ಮ ಪಂಪ್‌ಸೆಟ್ಟಿನ ಫುಟ್‌ವಾಲ್ವನ್ನು ಯಾರು ಮುಚ್ತಾರೆ?" ಅಂತ ಕೇಳಿದೆ. "ಯಾರೂ ಇಲ್ಲ ಮೇಡಂ, ನೀರೇ ವಾಪಸ್ ಒತ್ತಿ ಮುಚ್ಕೊಳುತ್ತೆ" ಅಂದಳು. ಹೃದಯದಲ್ಲೂ ಅಷ್ಟೇ. ವೆಂಟ್ರಿಕಲ್‌ನ ಒತ್ತಡ ಏಟ್ರಿಯಂನ ಒತ್ತಡವನ್ನು ದಾಟಿದಾಗ ರಕ್ತವೇ ವಾಲ್ವನ್ನು ಒತ್ತಿ ಮುಚ್ಚುತ್ತದೆ. ಪ್ಯಾಪಿಲ್ಲರಿ ಮಸಲ್ ಬಿಗಿಯಾಗೋದು ಮುಚ್ಚೋಕಲ್ಲ. ಮುಚ್ಚಿದ ವಾಲ್ವ್ ಏಟ್ರಿಯಂ ಕಡೆಗೆ ಮಗುಚಿಕೊಳ್ಳದ ಹಾಗೆ ದಾರ ಹಿಡಿದು ನಿಲ್ಲೋಕೆ.

ಇಷ್ಟು ತಿದ್ದಿದ ಮೇಲೆ ಹಾಳೆಯ ಮೇಲೆ ಬಂದಿದ್ದು ಹೀಗೆ:

ಐಸೊವಾಲ್ಯುಮೆಟ್ರಿಕ್ ಕಾಂಟ್ರ್ಯಾಕ್ಷನ್ (0.05 ಸೆ.): ನಾಲ್ಕೂ ವಾಲ್ವ್ ಮುಚ್ಚಿವೆ, ಒತ್ತಡ ಏರುತ್ತಿದೆ
- ವಾಲ್ವ್: ಶುರುವಿನಲ್ಲಿ ಎವಿ ವಾಲ್ವ್ ಮುಚ್ಚಿತು, ಕೊನೆಯಲ್ಲಿ ಅಯೋರ್ಟಿಕ್ ತೆರೆಯುತ್ತದೆ
- ಒತ್ತಡ: ಎಡ ವೆಂಟ್ರಿಕಲ್ ಸುಮಾರು 10ರಿಂದ 80
- ಪ್ರಮಾಣ: 120 ಎಂಎಲ್, ಬದಲಾಗಲ್ಲ
- ಇಸಿಜಿ: ಕ್ಯೂಆರ್‌ಎಸ್ ಇದಕ್ಕಿಂತ ಸ್ವಲ್ಪ ಮೊದಲೇ ಶುರುವಾಗಿದೆ
- ಸದ್ದು: ಮೊದಲ ಸದ್ದು
- ಜೆವಿಪಿ: ಸಿ ವೇವ್
- ಯಾಕೆ: ರಕ್ತ ಹೊರಹೋಗೋಕೆ ಅಯೋರ್ಟಾದ 80 ದಾಟಬೇಕು

ಇಸಿಜಿ ಸಾಲು ಅವಳ ನೋಟ್ಸಿನಲ್ಲಿ ಇರಲೇ ಇಲ್ಲ. ಆರು ಪ್ರಶ್ನೆ ಕೇಳಿದ್ದರಿಂದಲೇ ಅದು ಬಿಟ್ಟುಹೋಗಿದ್ದು ಗೊತ್ತಾಯಿತು.

ಸಿಸ್ಟೋಲ್ ಒಂದ್ಕಡೆ 0.3 ಇದೆ, ಇನ್ನೊಂದ್ಕಡೆ 0.27 ಇದೆ. ಯಾವ್ದು ಸರಿ?

ಎರಡೂ ಸರಿ. ಕಲಬೆರಕೆ ಮಾತ್ರ ತಪ್ಪು.

ನಿಮಿಷಕ್ಕೆ 75 ಬಡಿತ ಅಂದರೆ ಒಂದು ಬಡಿತಕ್ಕೆ 60 ಭಾಗಿಸು 75, ಅಂದರೆ 0.8 ಸೆಕೆಂಡ್. ಇದು ಅಲುಗಾಡಲ್ಲ. ಕೆಲವರು ಸುಲಭಕ್ಕೆ ಸಿಸ್ಟೋಲ್ 0.3, ಡಯಾಸ್ಟೋಲ್ 0.5 ಅನ್ನುತ್ತಾರೆ. ಇನ್ನು ಕೆಲವು ಕಡೆ 0.27 ಮತ್ತು 0.53 ಇರುತ್ತದೆ. ವ್ಯತ್ಯಾಸ ಬರೋದು ಹೆಚ್ಚಾಗಿ ಪ್ರೋಟೋಡಯಾಸ್ಟೋಲ್‌ನಿಂದ. ಇಜೆಕ್ಷನ್ ನಿಂತ ಮೇಲೆ ಅಯೋರ್ಟಿಕ್ ವಾಲ್ವ್ ಮುಚ್ಚೋವರೆಗಿನ 0.04 ಸೆಕೆಂಡ್ ಅದು. ಅದನ್ನು ಡಯಾಸ್ಟೋಲ್‌ಗೆ ಸೇರಿಸಿದರೆ ಸಿಸ್ಟೋಲ್ 0.27. ಸಿಸ್ಟೋಲ್‌ಗೆ ಸೇರಿಸಿದರೆ 0.31, ಬಾಯಿಮಾತಿಗೆ 0.3.

ನಿಮ್ಮ ಕ್ಲಾಸಿನಲ್ಲಿ ಯಾವುದನ್ನು ಹೇಳಿದ್ದಾರೋ ಅದನ್ನೇ ಇಟ್ಟುಕೊಂಡು ಕೂಡಿ ನೋಡಿ. ನಾನು ಬಳಸೋ ಲೆಕ್ಕ ಇದು: ಕಾಂಟ್ರ್ಯಾಕ್ಷನ್ 0.05, ಇಜೆಕ್ಷನ್ 0.22, ಪ್ರೋಟೋಡಯಾಸ್ಟೋಲ್ 0.04, ರಿಲ್ಯಾಕ್ಸೇಷನ್ 0.08, ರ‍್ಯಾಪಿಡ್ ಫಿಲ್ಲಿಂಗ್ 0.11, ಸ್ಲೋ ಫಿಲ್ಲಿಂಗ್ 0.19, ಏಟ್ರಿಯಲ್ ಸಿಸ್ಟೋಲ್ 0.11. ಕೂಡಿದರೆ ಸರಿಯಾಗಿ 0.8. ನಿಮ್ಮ ಮೊತ್ತ 0.8 ಬರದಿದ್ದರೆ ಎರಡು ಪುಸ್ತಕದ ನಂಬರ್ ಬೆರೆತಿದೆ ಅಂತ ಅರ್ಥ.

ಚಿತ್ರ ಬೇಕೇ ಬೇಕಾ? ನಂಗೆ ಬಿಡಿಸೋಕೇ ಬರಲ್ಲ.

ಬೇಕು. ಕೈಚಳಕ ಬೇಡ, ಸ್ಕೇಲ್ ಸಾಕು. ವಿಗ್ಗರ್ಸ್ ಡಯಾಗ್ರಂ ಅಂತಾರಲ್ಲ, ಅಮೆರಿಕದ ಫಿಸಿಯಾಲಜಿಸ್ಟ್ ಕಾರ್ಲ್ ವಿಗ್ಗರ್ಸ್ ಹೆಸರಿನದು, ಅದನ್ನು ಪುಸ್ತಕ ನೋಡಿ ಬರೆದರೆ ಹಾವು ಹರಿದ ಹಾಗೆ ಬರುತ್ತದೆ. ಅಳತೆ ಹಾಕಿದರೆ ತಾನಾಗೇ ಕೂರುತ್ತದೆ.

ಎ4 ಹಾಳೆಯಲ್ಲಿ 16 ಸೆಂಟಿಮೀಟರ್ ಉದ್ದದ ಗೆರೆ ಎಳೆಯಿರಿ. ಇದೇ 0.8 ಸೆಕೆಂಡ್. ಅಂದರೆ 1 ಸೆಂಟಿಮೀಟರ್‌ಗೆ 0.05 ಸೆಕೆಂಡ್. ಎಡತುದಿಯಲ್ಲಿ ಏಟ್ರಿಯಲ್ ಸಿಸ್ಟೋಲ್ ಶುರು. ಈಗ ನಾಲ್ಕು ಕಡೆ ಉದ್ದುದ್ದ ಗೆರೆ ಎಳೆಯಿರಿ. 2.2ರಲ್ಲಿ ಮೈಟ್ರಲ್ ಮುಚ್ಚಿತು. 3.2ರಲ್ಲಿ ಅಯೋರ್ಟಿಕ್ ತೆರೆಯಿತು. 8.4ರಲ್ಲಿ ಅಯೋರ್ಟಿಕ್ ಮುಚ್ಚಿತು. 10ರಲ್ಲಿ ಮೈಟ್ರಲ್ ತೆರೆಯಿತು. ಇಡೀ ಹಾಳೆ ನಿಂತಿರೋದು ಈ ನಾಲ್ಕು ಗೆರೆಗಳ ಮೇಲೆ.

ಮೊದಲು ಪ್ರಮಾಣದ ಗೆರೆ ಬರೆಯಿರಿ, ಅದೇ ಸುಲಭ. 2.2ರಿಂದ 3.2ರವರೆಗೆ 120ರಲ್ಲಿ ಚಪ್ಪಟೆ. ಆಮೇಲೆ ಇಳಿದು 8.4ಕ್ಕೆ 50. 10ರವರೆಗೆ ಮತ್ತೆ ಚಪ್ಪಟೆ. ಅಲ್ಲಿಂದ ಜೋರಾಗಿ ಏರಿ, ಆಮೇಲೆ ನಿಧಾನವಾಗಿ ಏರುತ್ತದೆ. ಕೊನೆಗೆ, ಅಂದರೆ ಹಾಳೆಯ ಎಡತುದಿಯಲ್ಲಿ, ಏಟ್ರಿಯಂ ಕೊಟ್ಟ ಇನ್ನೊಂದು ತಳ್ಳು. ಹೆಚ್ಚುಕಮ್ಮಿ 80 ಪರ್ಸೆಂಟ್ ರಕ್ತ ಏಟ್ರಿಯಂ ಕುಗ್ಗೋಕೆ ಮೊದಲೇ ಇಳಿದಿರುತ್ತದೆ. ಆ ತಳ್ಳು ಉಳಿದ 20ಕ್ಕೆ ಮಾತ್ರ. ಹಾಗಾಗಿ ಅದನ್ನು ತೀರಾ ದೊಡ್ಡದಾಗಿ ಬರೆಯಬೇಡಿ.

ಒತ್ತಡದ ಗೆರೆಗಳು ಎರಡು. ಅಯೋರ್ಟಾದ್ದು 80ರಿಂದ ಕೆಳಗೆ ಬರೋದೇ ಇಲ್ಲ. ವೆಂಟ್ರಿಕಲ್‌ನದು ಸೊನ್ನೆಯ ಹತ್ತಿರದಿಂದ 120ಕ್ಕೆ ಹೋಗಿ ವಾಪಸ್ ಬರುತ್ತದೆ. 3.2ರಲ್ಲಿ ವೆಂಟ್ರಿಕಲ್ ಗೆರೆ ಅಯೋರ್ಟಾ ಗೆರೆಯನ್ನು ದಾಟಬೇಕು. 8.4ರಲ್ಲಿ ಅಯೋರ್ಟಾ ಗೆರೆಯಲ್ಲಿ ಸಣ್ಣ ಕಚ್ಚು ಬರಬೇಕು. ನಿಮ್ಮ ಚಿತ್ರದಲ್ಲಿ ಗೆರೆಗಳು ಬೇರೆಲ್ಲೋ ದಾಟಿದ್ದರೆ ವಾಲ್ವ್ ತಪ್ಪು ಹೊತ್ತಿನಲ್ಲಿ ತೆರೆದಿದೆ ಅಂತ ಲೆಕ್ಕ.

ಇದು ಎಡಭಾಗದ ಚಿತ್ರ. ಬಲಕ್ಕೆ ಇನ್ನೊಂದು ಚಿತ್ರ ಬೇಡ. ಬಲ ವೆಂಟ್ರಿಕಲ್ ಸುಮಾರು 25ರವರೆಗೆ ಮಾತ್ರ ಏರುತ್ತದೆ ಅಂತ ಮೂಲೆಯಲ್ಲಿ ಬರೆದರೆ ಆಯಿತು.

ಸದ್ದು, ಇಸಿಜಿ ಎಲ್ಲಾ ಎಲ್ಲಿ ಹಾಕ್ಲಿ?

ಅದೇ ನಾಲ್ಕು ಗೆರೆಗಳ ಕೆಳಗೆ. ಮೊದಲ ಸದ್ದು 2.2ರಲ್ಲಿ, ಎರಡನೆಯದು 8.4ರಲ್ಲಿ. ಸದ್ದು ಮುಚ್ಚುವಾಗ ಬರುತ್ತದೆ, ಆರೋಗ್ಯವಾಗಿರೋ ವಾಲ್ವ್ ತೆರೆಯುವಾಗ ಬರಲ್ಲ. ಮೂರನೇ ಸದ್ದು ಇದ್ದರೆ 10 ದಾಟಿದ ಮೇಲೆ, ರ‍್ಯಾಪಿಡ್ ಫಿಲ್ಲಿಂಗ್‌ನಲ್ಲಿ. ನಾಲ್ಕನೆಯದು ಇದ್ದರೆ 2.2ಕ್ಕೆ ಮೊದಲು.

ಇಸಿಜಿಗೆ ಒಂದೇ ಎಚ್ಚರಿಕೆ: ಕರೆಂಟ್ ಮೊದಲು, ಕೆಲಸ ಆಮೇಲೆ. ಪಿ ವೇವ್ ಏಟ್ರಿಯಲ್ ಸಿಸ್ಟೋಲ್‌ಗಿಂತ ಸ್ವಲ್ಪ ಮುಂಚೆ, ಕ್ಯೂಆರ್‌ಎಸ್ 2.2ಕ್ಕಿಂತ ಸ್ವಲ್ಪ ಮುಂಚೆ ಶುರುವಾಗಬೇಕು. ಟಿ ವೇವ್ ಇಜೆಕ್ಷನ್ ನಡೆಯುತ್ತಿರುವಾಗಲೇ ಬರುತ್ತದೆ.

## ಸ್ವಲ್ಪ ಮುಂದಕ್ಕೆ

ಜೆವಿಪಿ ವೇವ್‌ಗಳು ಎಷ್ಟ್ ಸಲ ಓದಿದ್ರೂ ಮರ್ತೋಗುತ್ತೆ. ಯಾಕೆ?

ಅಕ್ಷರಕ್ಕೆ ಅರ್ಥ ಹುಡುಕೋದರಿಂದ. ಎ ಅಂದರೆ ಏಟ್ರಿಯಲ್, ಅದು ಸರಿಹೋಗುತ್ತದೆ. ಅದೇ ಧೈರ್ಯದಲ್ಲಿ ವಿ ಅಂದರೆ ವೆಂಟ್ರಿಕಲ್ ಕುಗ್ಗೋದರಿಂದ ಬರೋ ವೇವ್ ಅಂತ ಬರೆದುಬಿಡುತ್ತಾರೆ. ಅಲ್ಲ. ಟ್ರೈಕಸ್ಪಿಡ್ ಮುಚ್ಚಿರುವಾಗ ದೇಹದಿಂದ ರಕ್ತ ಬಂದು ಬಲ ಏಟ್ರಿಯಂನಲ್ಲಿ ತುಂಬುತ್ತಾ ಹೋಗುತ್ತದೆ. ಆ ತುಂಬುವಿಕೆಯೇ ವಿ ವೇವ್. ಅದರ ತುದಿ 10ರ ಗೆರೆಯ ಹತ್ತಿರ, ಟ್ರೈಕಸ್ಪಿಡ್ ಇನ್ನೇನು ತೆರೆಯಬೇಕು ಅನ್ನುವಾಗ ಬರುತ್ತದೆ. ತೆರೆದ ತಕ್ಷಣ ರಕ್ತ ಕೆಳಗಿಳಿದು ವೈ ಇಳಿತ ಕಾಣುತ್ತದೆ. ಸಿ ವೇವ್ ಬರೋದು ಐಸೊವಾಲ್ಯುಮೆಟ್ರಿಕ್ ಕಾಂಟ್ರ್ಯಾಕ್ಷನ್‌ನಲ್ಲಿ ಮುಚ್ಚಿದ ಟ್ರೈಕಸ್ಪಿಡ್ ಏಟ್ರಿಯಂ ಕಡೆ ಉಬ್ಬೋದರಿಂದ.

ಹಾಳೆಯ ಮೇಲೆ ಹಾಕುವಾಗ ಅಕ್ಷರದ ಪಕ್ಕ ಟ್ರೈಕಸ್ಪಿಡ್ ಆಗ ತೆರೆದಿದೆಯಾ, ಮುಚ್ಚಿದೆಯಾ ಅಂತ ಬರೆಯಿರಿ. ಆಮೇಲೆ ಕಾಯಿಲೆಯ ಪ್ರಶ್ನೆ ಬಂದರೂ ತಡಕಾಡಲ್ಲ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಏಟ್ರಿಯಂ ಸರಿಯಾಗಿ ಕುಗ್ಗೋದೇ ಇಲ್ಲ, ಹಾಗಾಗಿ ಎ ವೇವ್ ಇರಲ್ಲ. ಟ್ರೈಕಸ್ಪಿಡ್ ಸೋರುತ್ತಿದ್ದರೆ ವೆಂಟ್ರಿಕಲ್‌ನ ರಕ್ತವೂ ವಾಪಸ್ ಬಂದು ವಿ ವೇವ್ ದೊಡ್ಡದಾಗುತ್ತದೆ.

ಫಾರ್ಮುಲಾಗಳಿಗೆ ಬೇರೆ ಪುಟ ಮಾಡ್ಲಾ?

ಬೇಡ. ಪ್ರಮಾಣದ ಗೆರೆಯ ಪಕ್ಕದಲ್ಲೇ ಚಿಕ್ಕ ಚೌಕ ಮಾಡಿ:

```
SV = EDV − ESV = 120 − 50 = 70 mL
EF = SV / EDV = 70 / 120 ≈ 58 %
CO = SV × HR = 70 × 75 = 5250 mL/min
```

ಇಲ್ಲಿನ 120, 50, 75 ಎಲ್ಲಾ ಚಿತ್ರದಲ್ಲಿರೋ ನಂಬರುಗಳೇ ಆಗಿರಬೇಕು. ಎಷ್ಟೋ ನೋಟ್ಸಿನಲ್ಲಿ ಇಡಿವಿ 130, ಇಎಸ್‌ವಿ 50, ಆದರೂ ಎಸ್‌ವಿ 70 ಅಂತ ಇರುತ್ತದೆ. ಬೇರೆ ಬೇರೆ ದಿನ ಬೇರೆ ಬೇರೆ ಕಡೆಯಿಂದ ಬಂದ ನಂಬರುಗಳು ಅವು. ಕಳೆದು ನೋಡಿದರೆ ತಕ್ಷಣ ಸಿಕ್ಕಿಬೀಳುತ್ತವೆ.

ಹಾರ್ಟ್ ರೇಟ್ ಜಾಸ್ತಿ ಆದ್ರೆ ಏನಾಗುತ್ತೆ ಅಂತ ಕೇಳಿದ್ರೆ ಈ ಶೀಟಿಂದ ಹೇಳಬಹುದಾ?

ಹೇಳಬಹುದು. ಇಂಥ ಪ್ರಶ್ನೆಗೇ ಅಳತೆ ಹಾಕಿದ್ದು.

ರೇಟ್ 150 ಆಯಿತು ಅಂದುಕೊಳ್ಳಿ. ಬಡಿತಕ್ಕೆ 0.4 ಸೆಕೆಂಡ್, ಅಂದರೆ 16 ಇದ್ದ ಗೆರೆ 8 ಸೆಂಟಿಮೀಟರ್ ಆಯಿತು. ಮೈಟ್ರಲ್ ಮುಚ್ಚಿದಾಗಿನಿಂದ ಅಯೋರ್ಟಿಕ್ ಮುಚ್ಚೋವರೆಗೆ, 2.2ರಿಂದ 8.4ರವರೆಗೆ, 6.2 ಸೆಂಟಿಮೀಟರ್ ಇತ್ತು. ಅದು ಹಾಗೇ ಉಳಿದರೆ ತುಂಬಿಕೊಳ್ಳೋಕೆ ಜಾಗವೇ ಇರಲ್ಲ. ಹಾಗಾಗಿ ಸಿಸ್ಟೋಲ್ ಸ್ವಲ್ಪ ಕುಗ್ಗುತ್ತದೆ, ಡಯಾಸ್ಟೋಲ್ ಅದಕ್ಕಿಂತ ಜಾಸ್ತಿ ಕುಗ್ಗುತ್ತದೆ. ಮೊದಲು ಹೋಗೋದು ಸ್ಲೋ ಫಿಲ್ಲಿಂಗ್. ಅಲ್ಲಿ ಗೆರೆ ಹೇಗೂ ಸಪ್ಪೆಯಾಗಿ ಏರುತ್ತಿತ್ತು, ಅದು ಹೋದರೆ ದೊಡ್ಡ ನಷ್ಟವಿಲ್ಲ. ರೇಟ್ ಇನ್ನೂ ಏರಿ ರ‍್ಯಾಪಿಡ್ ಫಿಲ್ಲಿಂಗ್‌ಗೂ ಕತ್ತರಿ ಬಿದ್ದರೆ ವೆಂಟ್ರಿಕಲ್ ಸರಿಯಾಗಿ ತುಂಬಲ್ಲ, ಎಸ್‌ವಿ ಬೀಳುತ್ತದೆ.

ಇನ್ನೊಂದು ಪೆಟ್ಟೂ ಇದೆ. ಎಡ ವೆಂಟ್ರಿಕಲ್‌ನ ಮಾಂಸಕ್ಕೆ ಕೊರೊನರಿ ರಕ್ತ ಹರಿಯೋದು ಮುಖ್ಯವಾಗಿ ಡಯಾಸ್ಟೋಲ್‌ನಲ್ಲಿ. ಸಿಸ್ಟೋಲ್‌ನಲ್ಲಿ ಆ ಮಾಂಸವೇ ತನ್ನೊಳಗಿನ ರಕ್ತನಾಳಗಳನ್ನು ಹಿಂಡುತ್ತಿರುತ್ತದೆ. "ಯಾಕೆ" ಸಾಲಿನಲ್ಲಿ ಇದನ್ನು ಬರೆದಿಡಿ.

ಒಂದು ಮಿತಿ ನೆನಪಿರಲಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ರೇಟ್ ಏರಿದರೂ ಎಸ್‌ವಿ ಬೀಳಲ್ಲ. ಆಗ ಹೃದಯಕ್ಕೆ ವಾಪಸ್ ಬರೋ ರಕ್ತವೂ ಜಾಸ್ತಿ, ಕುಗ್ಗೋ ಬಲವೂ ಜಾಸ್ತಿ. ಬರೀ ರೇಟ್ ಏರಿದಾಗಿನ ಲೆಕ್ಕವನ್ನು ವ್ಯಾಯಾಮಕ್ಕೆ ಅಂಟಿಸಬೇಡಿ.

ಆ್ಯಕ್ಷನ್ ಪೊಟೆನ್ಷಿಯಲ್ ಕೂಡ ಇದೇ ಹಾಳೆಗೆ ಹಾಕ್ಬಿಡ್ಲಾ?

ಬೇಡ. ಅದು ಒಂದು ಕೋಶದ ಕಥೆ, ಇದು ಇಡೀ ಹೃದಯದ್ದು. ಬೇರೆ ಹಾಳೆ ಮಾಡಿ.

ಶೀಟ್ ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಶೀಟ್ ಮುಚ್ಚಿಟ್ಟು, ಖಾಲಿ ಹಾಳೆಯಲ್ಲಿ ನಾಲ್ಕು ಗೆರೆ ಮಾತ್ರ ಎಳೆದುಕೊಳ್ಳಿ. ಯಾರಾದರೂ ಒಬ್ಬರು ಒಂದು ಗೆರೆ ಮುಟ್ಟಿ ಬೇರೆ ಸಾಲಿನ ಪ್ರಶ್ನೆ ಕೇಳಲಿ. ಮೈಟ್ರಲ್ ತೆರೆದಾಗ ಇಸಿಜಿ ಎಲ್ಲಿದೆ? ಟಿ ಮುಗಿದಿದೆ, ಮುಂದಿನ ಪಿ ಇನ್ನೂ ಬಂದಿಲ್ಲ. ಎರಡನೇ ಸದ್ದು ಬಂದಾಗ ಒಳಗೆ ರಕ್ತ ಎಷ್ಟು? 50. ಮಂಡ್ಯದಿಂದ ಬರೋ ಇಬ್ಬರು ಹುಡುಗಿಯರು ಇದನ್ನು ಬೆಳಗಿನ ರೈಲಿನಲ್ಲಿ ಆಡುತ್ತಾ ಬರುತ್ತಾರೆ. ಉತ್ತರ ಹೇಳೋಕೆ ಮೂರು ಸಲ ಕಣ್ಣು ಮುಚ್ಚಿ ಮೊದಲಿಂದ ಶುರು ಮಾಡಬೇಕಾಗಿ ಬಂದರೆ, ಆ ಸಾಲು ಹಾಳೆಯಲ್ಲಿದೆ, ತಲೆಯಲ್ಲಿ ಇನ್ನೂ ಬೇರೆ ಪುಟದಲ್ಲೇ ಇದೆ.

ಫ್ರೆಂಡ್ ಶೀಟ್ ತುಂಬಾ ಚೆನ್ನಾಗಿದೆ. ಜೆರಾಕ್ಸ್ ಮಾಡಿಸ್ಕೊಂಡ್ರೆ ಆಗಲ್ವಾ?

ಮಾಡಿಸಿಕೊಳ್ಳಿ, ಆದರೆ ಅಳತೆ ಪಟ್ಟಿ ಇಟ್ಟು ನೋಡಿ. ಒಂದು ವರ್ಷ ಒಂದೇ ಬ್ಯಾಚಿನ ಹನ್ನೊಂದು ಮಕ್ಕಳು ವೈವಾದಲ್ಲಿ ಎರಡನೇ ಸದ್ದು ಮೈಟ್ರಲ್ ತೆರೆಯೋದರಿಂದ ಬರುತ್ತದೆ ಅಂತ ಹೇಳಿದರು. ಎಲ್ಲರ ಕೈಯಲ್ಲೂ ಇದ್ದಿದ್ದು ಒಂದೇ ಜೆರಾಕ್ಸ್. ಮೂಲ ಹಾಳೆಯಲ್ಲಿ ಸದ್ದಿನ ಬಾಣ 8.4ರ ಬದಲು 10ಕ್ಕೆ ಬಿದ್ದಿತ್ತು, ಒಂದೂವರೆ ಸೆಂಟಿಮೀಟರ್ ಆಚೆ.